ಸರ್ವಿಸ್ ಬುಕ್‌ನಿಂದ ರೆಸ್ಯೂಮೆಗೆ: ಸರ್ಕಾರಿ ಎಂಜಿನಿಯರ್ ಬರೆಯಬೇಕಾದ ಆರು ಸಾಲು

ರೆಸ್ಯೂಮೆಯ ಮೊದಲ ಪುಟದಲ್ಲಿ ಹೆಸರು, ಫೋನ್ ನಂಬರಿನ ಕೆಳಗೆ ಐದಾರು ಸಾಲಿನ ಒಂದು ಭಾಗವಿರುತ್ತದೆ. ಅದಕ್ಕೆ ಸಾರಾಂಶ ಎನ್ನುತ್ತಾರೆ. ಅರ್ಜಿ ಹಾಕಿದವರು ಯಾವ ಕೆಲಸ ಬಲ್ಲವರು, ಎಷ್ಟು ದೊಡ್ಡ ಪ್ರಮಾಣದಲ್ಲಿ ಅದನ್ನು ಮಾಡಿದ್ದಾರೆ, ಅದರ ಫಲವೇನು, ಈಗ ಯಾವ ಹುದ್ದೆ ಬಯಸುತ್ತಾರೆ ಎಂಬುದನ್ನು ಅದು ತಿಳಿಸಬೇಕು. ಕಂಪನಿಯ ನೇಮಕಾತಿ ವಿಭಾಗದವರು ಮೊದಲು ಓದುವುದು ಇದನ್ನೇ. ಇಲ್ಲಿ ವಿಷಯ ಸಿಕ್ಕರೆ ಮಾತ್ರ ಕೆಳಗಿನ ವಿವರಗಳತ್ತ ಕಣ್ಣು ಹಾಯಿಸುತ್ತಾರೆ.

ಸರ್ಕಾರಿ ಸೇವೆಯಿಂದ ಖಾಸಗಿ ಕಂಪನಿಗೆ ಹೋಗಬಯಸುವ ಅಧಿಕಾರಿಗೆ ಈ ಐದಾರು ಸಾಲು ಕಷ್ಟವಾಗುತ್ತದೆ. ಇಲಾಖೆಯಲ್ಲಿ ಅಧಿಕಾರಿಯ ಪರಿಚಯವೆಂದರೆ ಪದನಾಮ, ಸೇವಾ ಹಿರಿತನ ಮತ್ತು ಕೆಲಸ ಮಾಡಿದ ಸ್ಥಳಗಳು. ಕಂಪನಿ ಕೇಳುವುದು ಬೇರೆ: ಎಷ್ಟು ಹಣದ ಕೆಲಸ, ಎಷ್ಟು ಜನ ಕೈಕೆಳಗಿದ್ದರು, ಯಾವ ತೀರ್ಮಾನ ನಿಮ್ಮದು, ಕೆಲಸ ಹೊತ್ತಿಗೆ ಮುಗಿಯಿತೇ? ಕೆಲಸ ಅದೇ ಆಗಿದ್ದರೂ ಇಲಾಖೆಯ ಲೆಕ್ಕ ಒಂದು ಬಗೆ, ಕಂಪನಿಯ ಲೆಕ್ಕ ಇನ್ನೊಂದು ಬಗೆ. ಇದು ಸ್ಪಷ್ಟವಾಗಲು ಲೋಕೋಪಯೋಗಿ ಇಲಾಖೆಯ ಉಪವಿಭಾಗವೊಂದರ ಸಹಾಯಕ ಕಾರ್ಯಪಾಲಕ ಎಂಜಿನಿಯರ್ ಒಬ್ಬರು ರಸ್ತೆ ನಿರ್ಮಾಣದ ಕಂಪನಿಗೆ ಅರ್ಜಿ ಹಾಕುತ್ತಿದ್ದಾರೆ ಎಂದಿಟ್ಟುಕೊಳ್ಳಬಹುದು. ಮುಂದೆ ಬರುವ ಅಧಿಕಾರಿ, ರಸ್ತೆ, ಅಂಕಿಗಳು ಉದಾಹರಣೆಗಾಗಿ ಕಲ್ಪಿಸಿಕೊಂಡವು. ಕೆಲಸದ ಕ್ರಮ ಮಾತ್ರ ಇಲಾಖೆಯಲ್ಲಿ ನಿಜವಾಗಿ ಇರುವಂಥದ್ದು.

ಮೊದಲ ಕರಡು

ಇಂಥ ಅಧಿಕಾರಿ ಮೊದಲ ಸಲ ಬರೆಯುವ ಸಾರಾಂಶ ಸಾಮಾನ್ಯವಾಗಿ ಹೀಗಿರುತ್ತದೆ:

"ಲೋಕೋಪಯೋಗಿ ಇಲಾಖೆಯಲ್ಲಿ 21 ವರ್ಷಗಳ ಸುದೀರ್ಘ ಸೇವೆ. ಸಹಾಯಕ ಎಂಜಿನಿಯರ್ ಆಗಿ ಸೇರ್ಪಡೆ, ಪ್ರಸ್ತುತ ಸಹಾಯಕ ಕಾರ್ಯಪಾಲಕ ಎಂಜಿನಿಯರ್. ನಾಲ್ಕು ಜಿಲ್ಲೆಗಳಲ್ಲಿ ಸೇವೆ. ರಸ್ತೆ, ಸೇತುವೆ ಮತ್ತು ಕಟ್ಟಡ ಕಾಮಗಾರಿಗಳ ಮೇಲ್ವಿಚಾರಣೆ, ಅಂದಾಜು ಪಟ್ಟಿ ತಯಾರಿಕೆ, ಟೆಂಡರ್ ಪ್ರಕ್ರಿಯೆ, ಎಂ.ಬಿ. ತಪಾಸಣೆ. ಇಲಾಖಾ ಪರೀಕ್ಷೆಗಳಲ್ಲಿ ಉತ್ತೀರ್ಣ. ಪ್ರತಿ ವರ್ಷ ಅನುದಾನದ ಶೇಕಡಾ 100 ವೆಚ್ಚ. ಚುನಾವಣೆ ಮತ್ತು ಪ್ರವಾಹ ಪರಿಹಾರ ಕರ್ತವ್ಯಗಳಲ್ಲಿ ಮೆಚ್ಚುಗೆ ಪತ್ರ."

ಇದರಲ್ಲಿ ಸುಳ್ಳು ಒಂದೂ ಇಲ್ಲ. ಆದರೆ ಕಂಪನಿಯ ಪ್ರಾಜೆಕ್ಟ್ ಮುಖ್ಯಸ್ಥರಿಗೆ ಇದರಿಂದ ತಿಳಿಯುವುದು ಕಡಿಮೆ. "ಮೇಲ್ವಿಚಾರಣೆ" ಎಂದರೆ ವಾರಕ್ಕೊಮ್ಮೆ ಸೈಟಿಗೆ ಹೋಗಿ ಬರುವುದೂ ಆಗಬಹುದು, 40 ಕೋಟಿ ರೂಪಾಯಿಯ ಗುತ್ತಿಗೆಯನ್ನು ಮೊದಲಿನಿಂದ ಕೊನೆಯವರೆಗೆ ನಡೆಸಿದ್ದೂ ಆಗಬಹುದು. ಎರಡಕ್ಕೂ ಇಲಾಖೆಯಲ್ಲಿ ಅದೇ ಪದ. ಅನುದಾನ ಪೂರ್ತಿ ಖರ್ಚಾಯಿತು ಎಂಬುದು ಇಲಾಖೆಯ ಪ್ರಗತಿ ಪರಿಶೀಲನಾ ಸಭೆಯಲ್ಲಿ ಹೆಗ್ಗಳಿಕೆ, ಏಕೆಂದರೆ ಮಾರ್ಚ್ 31ರೊಳಗೆ ಖರ್ಚಾಗದ ಹಣ ವಾಪಸಾಗುತ್ತದೆ. ಕಂಪನಿಯಲ್ಲಿ ಹಣವೆಲ್ಲ ಖರ್ಚಾಯಿತು ಎನ್ನುವುದು ಸಾಧನೆಯಲ್ಲ. ಆ ಹಣಕ್ಕೆ ಎಷ್ಟು ಕೆಲಸ ಸಿಕ್ಕಿತು ಎಂಬುದು ಅಲ್ಲಿನ ಪ್ರಶ್ನೆ. ಇಲಾಖಾ ಪರೀಕ್ಷೆ, ಚುನಾವಣಾ ಕರ್ತವ್ಯಗಳು ಬಡ್ತಿಗೆ ಮತ್ತು ಸರ್ವಿಸ್ ಬುಕ್‌ಗೆ ಬೇಕಾದವು. ಸಾರಾಂಶದಲ್ಲಿ ಅವಕ್ಕೆ ಸ್ಥಾನವಿಲ್ಲ.

ಒಂದು ಕಾಮಗಾರಿಯನ್ನು ಬಿಡಿಸಿ ನೋಡುವುದು

ಸಾರಾಂಶ ಬರೆಯುವ ಮೊದಲು ಮಾಡಬೇಕಾದ ಕೆಲಸವೊಂದಿದೆ. ಇತ್ತೀಚಿನ ವರ್ಷಗಳ ಮೂರೋ ನಾಲ್ಕೋ ದೊಡ್ಡ ಕಾಮಗಾರಿಗಳನ್ನು ಆರಿಸಿಕೊಂಡು, ಪ್ರತಿಯೊಂದನ್ನೂ ಹಂತ ಹಂತವಾಗಿ ಬಿಡಿಸಿ ಬರೆದುಕೊಳ್ಳಬೇಕು. ಸಾರಾಂಶದ ಅಂಕಿಗಳು ಇಲ್ಲಿಂದ ಹುಟ್ಟಬೇಕು.

ಉದಾಹರಣೆಯ ಅಧಿಕಾರಿಯ ಒಂದು ಕೆಲಸ 22 ಕಿಲೋಮೀಟರ್ ಉದ್ದದ ಜಿಲ್ಲಾ ಮುಖ್ಯ ರಸ್ತೆಯ ಅಗಲೀಕರಣ. ಅವರ ಉಪವಿಭಾಗ ಸ್ಥಳ ಪರಿಶೀಲನೆ ಮಾಡಿ, ಇಲಾಖೆಯ ದರಪಟ್ಟಿಯ ಪ್ರಕಾರ ಅಂದಾಜು ಪಟ್ಟಿ ಸಿದ್ಧಪಡಿಸಿತು. ಆಡಳಿತಾತ್ಮಕ ಅನುಮೋದನೆಯೂ ತಾಂತ್ರಿಕ ಮಂಜೂರಾತಿಯೂ ಮೇಲಿನ ಹಂತದಲ್ಲಿ ದೊರೆತವು. ಟೆಂಡರ್ 1999ರ ಕೆಟಿಪಿಪಿ ಕಾಯ್ದೆಯಡಿ ವಿಭಾಗ ಕಚೇರಿಯಿಂದ ನಡೆಯಿತು. 36.40 ಕೋಟಿ ರೂಪಾಯಿಗೆ ಗುತ್ತಿಗೆ, 18 ತಿಂಗಳ ಅವಧಿ. ಅಲ್ಲಿಂದ ಮುಂದೆ ಸೈಟಿನ ಹೊಣೆ ಉಪವಿಭಾಗದ್ದು.

ಕೆಲಸ ಶುರುವಾದ ಮೇಲೆ ರಸ್ತೆಯ ಅಂಚಿನಲ್ಲಿದ್ದ 214 ವಿದ್ಯುತ್ ಕಂಬಗಳು ಅಡ್ಡ ಬಂದವು. ಅವನ್ನು ಸ್ಥಳಾಂತರಿಸಲು ಎಸ್ಕಾಂ ಅಂದಾಜು ಕೊಡಬೇಕು, ಆ ಹಣ ಅವರಿಗೆ ಠೇವಣಿಯಾಗಬೇಕು, ಆಮೇಲೆ ಅವರ ಗುತ್ತಿಗೆದಾರ ಬಂದು ಕಂಬ ಕೀಳಬೇಕು. ಗ್ರಾಮಗಳಲ್ಲಿ ಕುಡಿಯುವ ನೀರಿನ ಪೈಪು ಇತ್ತು. ಮರ ಕಡಿಯಲು 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಡಿ ಅರಣ್ಯ ಇಲಾಖೆಯ ವೃಕ್ಷ ಅಧಿಕಾರಿಯ ಅನುಮತಿ ಬೇಕಿತ್ತು. ಎಲ್ಲ ಅನುಮತಿ ಬರುವ ತನಕ ಕೆಲಸ ನಿಲ್ಲಿಸುವ ಬದಲು ಈ ಅಧಿಕಾರಿ ರಸ್ತೆಯನ್ನು ನಾಲ್ಕು ಭಾಗ ಮಾಡಿದರು. ಅಡ್ಡಿಯಿಲ್ಲದ ಎರಡು ಭಾಗಗಳಲ್ಲಿ ಮೊದಲು ಕೆಲಸ ಹಿಡಿಸಿದರು, ಉಳಿದ ಎರಡರಲ್ಲಿ ಕಂಬ ಮತ್ತು ಪೈಪುಗಳನ್ನು ಜೊತೆಜೊತೆಗೇ ತೆಗೆಸಿದರು. ರಸ್ತೆ 20 ತಿಂಗಳಲ್ಲಿ ಮುಗಿಯಿತು. ಎರಡು ಕಡೆ ಅಂದಾಜಿನಲ್ಲಿಲ್ಲದ ಮೋರಿ ಕಟ್ಟಬೇಕಾದ್ದರಿಂದ ಅಂತಿಮ ವೆಚ್ಚ 37.80 ಕೋಟಿ ರೂಪಾಯಿಗೆ ಏರಿತು. ಗುತ್ತಿಗೆ ಮೊತ್ತಕ್ಕಿಂತ 1.40 ಕೋಟಿ, ಅಂದರೆ ಶೇಕಡಾ 3.8ರಷ್ಟು ಹೆಚ್ಚು.

ಬಿಲ್ಲಿನ ಕೆಲಸವನ್ನೂ ಹೀಗೇ ಬಿಡಿಸಬೇಕು. ಸೈಟಿನಲ್ಲಿ ಆದ ಕೆಲಸವನ್ನು ಸಹಾಯಕ ಎಂಜಿನಿಯರ್ ಅಳೆದು ಅಳತೆ ಪುಸ್ತಕದಲ್ಲಿ ದಾಖಲಿಸುತ್ತಾರೆ. ಆ ಅಳತೆಯನ್ನು ಸಹಾಯಕ ಕಾರ್ಯಪಾಲಕ ಎಂಜಿನಿಯರ್ ಸ್ಥಳದಲ್ಲಿ ಮತ್ತೆ ತಾಳೆ ನೋಡುತ್ತಾರೆ. ಅದರ ಮೇಲೆ ಚಾಲ್ತಿ ಬಿಲ್ ತಯಾರಾಗಿ ವಿಭಾಗಕ್ಕೆ ಹೋಗುತ್ತದೆ. ಈ ರಸ್ತೆಗೆ ಒಟ್ಟು 14 ಚಾಲ್ತಿ ಬಿಲ್ ಆದವು. ಅಳತೆ ಮುಗಿದು ಬಿಲ್ ವಿಭಾಗಕ್ಕೆ ತಲುಪಲು ಸರಾಸರಿ 9 ದಿನ ಹಿಡಿಯಿತು. "ಎಂ.ಬಿ. ತಪಾಸಣೆ" ಎಂಬ ಎರಡು ಪದದ ಹಿಂದೆ ಇಷ್ಟು ವಿಷಯವಿದೆ. ಕಂಪನಿಗೆ ಬೇಕಾದದ್ದು ಈ ವಿಷಯವೇ.

ಹಣ, ಅಧಿಕಾರ, ಫಲ

ಹೀಗೆ ಬರೆದುಕೊಂಡ ವಿವರವನ್ನು ಮೂರು ಪ್ರಶ್ನೆಗಳ ಜರಡಿ ಹಿಡಿದರೆ ಸಾರಾಂಶಕ್ಕೆ ಬರಬೇಕಾದದ್ದು ಉಳಿಯುತ್ತದೆ.

ಮೊದಲನೆಯದು ಹಣ. ಇಲಾಖೆಯ ಅನುದಾನ ಕಂಪನಿಯ ವಹಿವಾಟಲ್ಲ. ಅನುದಾನ ಬೇರೆಡೆಯಿಂದ ಬರುತ್ತದೆ, ಅದನ್ನು ಗಳಿಸುವ ಹೊಣೆ ಅಧಿಕಾರಿಯದಲ್ಲ. ಆದ್ದರಿಂದ "60 ಕೋಟಿಯ ವ್ಯವಹಾರ ನಡೆಸಿದೆ" ಅಥವಾ "ಲಾಭ ನಷ್ಟದ ಹೊಣೆ ಹೊತ್ತಿದ್ದೆ" ಎಂದು ಬರೆದರೆ ಸಂದರ್ಶನದಲ್ಲಿ ಎರಡನೇ ಪ್ರಶ್ನೆಗೇ ಮಾತು ನಿಲ್ಲುತ್ತದೆ. "ವರ್ಷಕ್ಕೆ ಸುಮಾರು 60 ಕೋಟಿ ರೂಪಾಯಿ ಮೌಲ್ಯದ ಚಾಲ್ತಿ ಕಾಮಗಾರಿಗಳ ಅನುಷ್ಠಾನ" ಎಂಬುದು ನಿಜವೂ ಹೌದು, ಕಂಪನಿಗೆ ಅರ್ಥವಾಗುವಂಥದ್ದೂ ಹೌದು. ಇನ್ನೊಂದು ಎಚ್ಚರ ಟೆಂಡರ್ ದರದ ಬಗ್ಗೆ. ಗುತ್ತಿಗೆದಾರರು ಅಂದಾಜಿಗಿಂತ ಕಡಿಮೆ ದರ ನಮೂದಿಸಿದ್ದರಿಂದ ಸರ್ಕಾರಕ್ಕೆ ಉಳಿದ ಹಣವನ್ನು ತನ್ನ ಉಳಿತಾಯ ಎಂದು ಬರೆದುಕೊಳ್ಳುವವರಿದ್ದಾರೆ. ಅದು ಪೈಪೋಟಿಯಿಂದ ಆದದ್ದು. ತೀರಾ ಕಡಿಮೆ ದರಕ್ಕೆ ಹಿಡಿದ ಕೆಲಸ ಅರ್ಧಕ್ಕೆ ನಿಲ್ಲುವುದೂ ಉಂಟು ಎಂಬುದು ಕಂಪನಿಯವರಿಗೆ ಚೆನ್ನಾಗಿ ಗೊತ್ತಿರುತ್ತದೆ. ಅಧಿಕಾರಿಯ ಕೈಚಳಕ ಕಾಣುವುದು ಗುತ್ತಿಗೆಯಾದ ನಂತರ ವೆಚ್ಚ ಎಷ್ಟು ಏರಿತು ಎಂಬುದರಲ್ಲಿ. ಆ ಕಾರಣಕ್ಕೆ ಶೇಕಡಾ 3.8 ಎಂಬ ಅಂಕಿ ಬೆಲೆಯುಳ್ಳದ್ದು.

ಎರಡನೆಯದು ಅಧಿಕಾರ. ಸರ್ಕಾರದಲ್ಲಿ ಒಂದು ಕಡತ ಹಲವು ಮೇಜು ದಾಟುತ್ತದೆ. ಯಾರು ಪ್ರಸ್ತಾಪಿಸಿದರು, ಯಾರು ಶಿಫಾರಸು ಮಾಡಿದರು, ಯಾರು ಮಂಜೂರು ಮಾಡಿದರು ಎಂಬುದು ಬೇರೆ ಬೇರೆ. ನಮ್ಮ ಉದಾಹರಣೆಯಲ್ಲಿ ಟೆಂಡರ್ ಒಪ್ಪಿದವರು ಈ ಅಧಿಕಾರಿಯಲ್ಲ. ಅಂದಾಜು ತಯಾರಿಸಿದ್ದು, ಸೈಟಿನ ಕೆಲಸದ ಕ್ರಮ ಗೊತ್ತು ಮಾಡಿದ್ದು, ಅಳತೆ ಒಪ್ಪಿದ್ದು, ಹೆಚ್ಚುವರಿ ಮೋರಿಗೆ ಪ್ರಸ್ತಾವನೆ ಕಳಿಸಿದ್ದು ಅವರು. ಸಾರಾಂಶದ ಕ್ರಿಯಾಪದಗಳು ಈ ಗೆರೆ ದಾಟಬಾರದು. "ಗುತ್ತಿಗೆ ನೀಡಿದೆ" ಎನ್ನುವ ಬದಲು "ಟೆಂಡರ್‌ಗೆ ಬೇಕಾದ ಅಂದಾಜು ಮತ್ತು ಪರಿಮಾಣ ಪಟ್ಟಿ ಸಿದ್ಧಪಡಿಸಿದೆ" ಎಂದರೆ ಸಣ್ಣದಾಗಿ ಕೇಳಿಸಬಹುದು. ಆದರೆ ಟೆಂಡರ್‌ಗೆ ದರ ಕಟ್ಟುವ ಕಂಪನಿಗೆ ಈ ಎರಡನೆಯ ಕೆಲಸ ಬಲ್ಲವರೇ ಹೆಚ್ಚು ಉಪಯೋಗ.

ಮೂರನೆಯದು ಫಲ. 18 ತಿಂಗಳ ಕೆಲಸ 20 ತಿಂಗಳಾಯಿತು ಎಂಬುದನ್ನು ಮುಚ್ಚಿಡಲು ಮನಸ್ಸಾಗುವುದು ಸಹಜ. ಮುಚ್ಚಿಡಬೇಕಾಗಿಲ್ಲ. ಕಂಬ ಸ್ಥಳಾಂತರದಿಂದ ರಸ್ತೆ ಕೆಲಸ ತಡವಾಗುವುದು ಈ ಕ್ಷೇತ್ರದ ದಿನನಿತ್ಯದ ತಲೆನೋವು. 214 ಕಂಬಗಳಿದ್ದ ರಸ್ತೆಯಲ್ಲಿ ತಡ ಎರಡೇ ತಿಂಗಳಿಗೆ ನಿಂತಿತು, ಅದು ನಿಂತದ್ದು ರಸ್ತೆಯನ್ನು ಭಾಗ ಮಾಡಿ ಕೆಲಸ ಹಿಡಿದದ್ದರಿಂದ ಎಂದು ಹೇಳಿದರೆ, ಓದುವವರಿಗೆ ಅಧಿಕಾರಿಯ ಯೋಚನೆಯ ರೀತಿ ತಿಳಿಯುತ್ತದೆ.

ಪದಗಳ ಬದಲಾವಣೆ

ವಿಷಯ ಗಟ್ಟಿಯಾದ ಮೇಲೆ ಪದಗಳ ಸರದಿ. ಇಲಾಖೆಯ ಪದಕ್ಕೆ ಕಂಪನಿಯ ಪದವನ್ನು ಸುಮ್ಮನೆ ತಂದಿಟ್ಟರೆ ಸಾಲದು. ಎರಡೂ ಕಡೆ ನಡೆಯುವ ಕೆಲಸ ಒಂದೇ ಹೌದೋ ಎಂದು ನೋಡಿಕೊಳ್ಳಬೇಕು. ಅಂದಾಜು ಪಟ್ಟಿ ತಯಾರಿಕೆ ಕಂಪನಿಯಲ್ಲಿ ಕಾಸ್ಟ್ ಎಸ್ಟಿಮೇಶನ್ ಆಗುತ್ತದೆ. ಆದರೆ ಇಲಾಖೆಯ ಅಂದಾಜು ನಿಗದಿತ ದರಪಟ್ಟಿಯ ಮೇಲೆ ನಿಂತಿದ್ದು, ಕಂಪನಿಯ ಅಂದಾಜು ಜಲ್ಲಿ, ಡಾಂಬರು, ಡೀಸೆಲ್, ಯಂತ್ರದ ಬಾಡಿಗೆಯ ಮಾರುಕಟ್ಟೆ ದರದ ಮೇಲೆ ನಿಂತಿರುತ್ತದೆ. ದರ ವಿಶ್ಲೇಷಣೆ ಮಾಡಿ ಗೊತ್ತಿದ್ದವರು ಅದನ್ನು ಬೇರೆಯಾಗಿ ಬರೆಯಬೇಕು, ಗೊತ್ತಿಲ್ಲದವರು ಪರಿಮಾಣದ ಲೆಕ್ಕಕ್ಕಷ್ಟೇ ನಿಲ್ಲಬೇಕು.

ಅಳತೆ ಪುಸ್ತಕದ ತಪಾಸಣೆ ಮತ್ತು ಚಾಲ್ತಿ ಬಿಲ್ಲುಗಳು ಕಂಪನಿಯಲ್ಲಿ ಬಿಲ್ಲಿಂಗ್ ಮತ್ತು ಕ್ವಾಂಟಿಟಿ ಸರ್ವೆ ವಿಭಾಗದ ಕೆಲಸ. ಅಂದಾಜಿನಲ್ಲಿಲ್ಲದ ಹೆಚ್ಚುವರಿ ಐಟಂ, ಅವಧಿ ವಿಸ್ತರಣೆಯ ಕಡತಗಳು ಅಲ್ಲಿ ಕಾಂಟ್ರಾಕ್ಟ್ ಅಡ್ಮಿನಿಸ್ಟ್ರೇಶನ್ ಎನಿಸಿಕೊಳ್ಳುತ್ತವೆ. ಮಹಾಲೇಖಪಾಲರ ತಪಾಸಣಾ ವರದಿಗೆ ಉತ್ತರ ಬರೆದು ಆಕ್ಷೇಪಣೆ ತೀರಿಸಿದ್ದನ್ನು ಆಡಿಟ್ ಕಾಂಪ್ಲಯನ್ಸ್ ಎನ್ನಬಹುದು. ಎಸ್ಕಾಂ, ಅರಣ್ಯ ಇಲಾಖೆ, ಗ್ರಾಮ ಪಂಚಾಯಿತಿಗಳ ಜೊತೆ ಓಡಾಡಿ ಕೆಲಸ ಮುಗಿಸಿದ್ದು ಯುಟಿಲಿಟಿ ಶಿಫ್ಟಿಂಗ್ ಮತ್ತು ಅನುಮತಿ ನಿರ್ವಹಣೆ. ಇದನ್ನು "ಸರ್ಕಾರದಲ್ಲಿ ಬಲವಾದ ಸಂಪರ್ಕ" ಎಂದು ಮಾತ್ರ ಬರೆಯಬಾರದು. ಹಾಗೆ ಬರೆದರೆ ಕೆಲಸದ ಜ್ಞಾನಕ್ಕಿಂತ ವಶೀಲಿಯನ್ನು ಮಾರುತ್ತಿದ್ದಾರೆ ಎಂದು ಅರ್ಥವಾಗುತ್ತದೆ. ಒಳ್ಳೆಯ ಕಂಪನಿ ಅದನ್ನು ಅಪಾಯವೆಂದೇ ಎಣಿಸುತ್ತದೆ.

ಪದನಾಮಕ್ಕೂ ವಿವರಣೆ ಬೇಕು. ಹೊರರಾಜ್ಯದ ಕಂಪನಿಯ ನೇಮಕಾತಿ ವಿಭಾಗಕ್ಕೆ ಎ.ಇ.ಇ. ಎಂದರೆ ಯಾವ ಹಂತ ಎಂದು ತಿಳಿದಿರುವುದಿಲ್ಲ. ಹಾಗೆಂದು ಅದನ್ನು "ಜನರಲ್ ಮ್ಯಾನೇಜರ್" ಎಂದು ಬದಲಿಸುವಂತಿಲ್ಲ. ಸೇವಾ ದಾಖಲೆಯಲ್ಲಿರುವ ಪದನಾಮವನ್ನೇ ಪೂರ್ತಿಯಾಗಿ ಬರೆದು, ಪಕ್ಕದಲ್ಲಿ "ಉಪವಿಭಾಗದ ಮುಖ್ಯಸ್ಥ, 26 ಸಿಬ್ಬಂದಿ" ಎಂದು ಸೇರಿಸಿದರೆ ಹಂತ ತಾನಾಗಿ ತಿಳಿಯುತ್ತದೆ. ಹಿನ್ನೆಲೆ ಪರಿಶೀಲನೆ ಮಾಡುವವರು ಪದನಾಮವನ್ನು ದಾಖಲೆಯೊಂದಿಗೆ ಹೋಲಿಸುತ್ತಾರೆ. ಅಲ್ಲಿ ವ್ಯತ್ಯಾಸ ಕಂಡರೆ ಮಿಕ್ಕ ಸಾಲುಗಳನ್ನೂ ಅನುಮಾನಿಸುತ್ತಾರೆ.

ಹುದ್ದೆ ಬದಲಾದರೆ ಸಾರಾಂಶವೂ ಬೇರೆ

ರಸ್ತೆ ಕಂಪನಿಯಲ್ಲಿ ಇಂಥ ಅಧಿಕಾರಿಗೆ ಹೊಂದುವ ಹುದ್ದೆಗಳು ಮುಖ್ಯವಾಗಿ ಎರಡು: ಸೈಟ್ ನಡೆಸುವ ಪ್ರಾಜೆಕ್ಟ್ ಮ್ಯಾನೇಜರ್, ಮತ್ತು ಬಿಲ್ಲು, ಗುತ್ತಿಗೆ ಷರತ್ತು, ಕ್ಲೇಮುಗಳನ್ನು ನೋಡಿಕೊಳ್ಳುವ ಕಾಂಟ್ರಾಕ್ಟ್ಸ್ ಮ್ಯಾನೇಜರ್. ಎರಡಕ್ಕೂ ಒಂದೇ ಸಾರಾಂಶ ಕಳಿಸಿದರೆ ಎರಡಕ್ಕೂ ಅರೆಬರೆಯಾಗುತ್ತದೆ.

ಪ್ರಾಜೆಕ್ಟ್ ಮ್ಯಾನೇಜರ್ ಹುದ್ದೆಯಲ್ಲಿ ಸರ್ಕಾರಿ ಎಂಜಿನಿಯರ್‌ಗೆ ಒಂದು ಕೊರತೆ ಇದೆ. ಅವರು ಕೆಲಸ ಮಾಡಿಸಿದವರು. ಕೂಲಿಯಾಳು, ಯಂತ್ರ, ಸಾಮಗ್ರಿಗಳನ್ನು ಹೊಂದಿಸಿ ಕೆಲಸ ಮಾಡಿದವರು ಗುತ್ತಿಗೆದಾರರು. ಇದು ಕಂಪನಿಗೂ ಗೊತ್ತು. ಕಾಂಟ್ರಾಕ್ಟ್ಸ್ ಮ್ಯಾನೇಜರ್ ಹುದ್ದೆಯಲ್ಲಿ ಅದೇ ಹಿನ್ನೆಲೆ ಬಲವಾಗುತ್ತದೆ. ಕಂಪನಿ ತನ್ನ ಬಿಲ್ಲನ್ನು ಸರ್ಕಾರಿ ಎಂಜಿನಿಯರ್‌ಗೆ ಸಲ್ಲಿಸಬೇಕು. ಬಿಲ್ ಯಾವ ದಾಖಲೆಯ ಕೊರತೆಯಿಂದ ವಾಪಸಾಗುತ್ತದೆ, ಅವಧಿ ವಿಸ್ತರಣೆಯ ಕೋರಿಕೆಗೆ ಸೈಟಿನಲ್ಲಿ ಯಾವ ದಿನಚರಿ ಇಟ್ಟಿರಬೇಕು, ಹೆಚ್ಚುವರಿ ಕೆಲಸಕ್ಕೆ ಯಾವ ಹಂತದಲ್ಲಿ ಲಿಖಿತ ಆದೇಶ ಪಡೆಯಬೇಕು ಎಂಬುದನ್ನು ಮೇಜಿನ ಆ ಬದಿಯಲ್ಲಿ ಕೂತು ನೋಡಿದವರಿಗೆ ಚೆನ್ನಾಗಿ ತಿಳಿದಿರುತ್ತದೆ. ಈ ಹುದ್ದೆಗಾಗಿ ತಿದ್ದಿ ಬರೆದ ಸಾರಾಂಶ ಹೀಗಿರಬಹುದು:

"ಸರ್ಕಾರಿ ರಸ್ತೆ ಗುತ್ತಿಗೆಗಳ ಅಂದಾಜು, ಅಳತೆ, ಬಿಲ್ಲಿಂಗ್ ಮತ್ತು ಗುತ್ತಿಗೆ ಆಡಳಿತದಲ್ಲಿ 21 ವರ್ಷ ಅನುಭವವಿರುವ ಸಿವಿಲ್ ಎಂಜಿನಿಯರ್. ಕರ್ನಾಟಕ ಲೋಕೋಪಯೋಗಿ ಇಲಾಖೆಯಲ್ಲಿ ಸಹಾಯಕ ಕಾರ್ಯಪಾಲಕ ಎಂಜಿನಿಯರ್, 26 ಸಿಬ್ಬಂದಿಯ ಉಪವಿಭಾಗದ ಮುಖ್ಯಸ್ಥ. ವರ್ಷಕ್ಕೆ ಸುಮಾರು 60 ಕೋಟಿ ರೂಪಾಯಿಯ ಚಾಲ್ತಿ ಕಾಮಗಾರಿಗಳ ಅನುಷ್ಠಾನ. 36.40 ಕೋಟಿಯ 22 ಕಿ.ಮೀ. ರಸ್ತೆ ಅಗಲೀಕರಣದಲ್ಲಿ 14 ಚಾಲ್ತಿ ಬಿಲ್‌ಗಳ ಅಳತೆ ಪರಿಶೀಲಿಸಿ ಸರಾಸರಿ 9 ದಿನಗಳಲ್ಲಿ ವಿಭಾಗಕ್ಕೆ ಸಲ್ಲಿಕೆ. ವೆಚ್ಚ ಏರಿಕೆ ಗುತ್ತಿಗೆ ಮೊತ್ತದ ಶೇಕಡಾ 3.8. 214 ವಿದ್ಯುತ್ ಕಂಬಗಳ ಸ್ಥಳಾಂತರದ ನಡುವೆಯೂ ವಿಳಂಬ ಎರಡು ತಿಂಗಳಿಗೆ ಸೀಮಿತ. ರಸ್ತೆ ಕಂಪನಿಯಲ್ಲಿ ಗುತ್ತಿಗೆ ಮತ್ತು ಕ್ಲೇಮ್ ನಿರ್ವಹಣೆಯ ಹುದ್ದೆಗೆ ಅರ್ಜಿ."

ಅದೇ ಅಧಿಕಾರಿ ಪ್ರಾಜೆಕ್ಟ್ ಮ್ಯಾನೇಜರ್ ಹುದ್ದೆಗೆ ಬರೆಯುವಾಗ ಕಂಬ ಸ್ಥಳಾಂತರ ಮತ್ತು ನಾಲ್ಕು ಭಾಗಗಳ ಕೆಲಸದ ಕ್ರಮ ಮೇಲಕ್ಕೆ ಬರಬೇಕು, ಬಿಲ್ಲಿನ ಸಾಲು ಕೆಳಗಿಳಿಯಬೇಕು. ಅಂಕಿಗಳು ಬದಲಾಗುವುದಿಲ್ಲ, ಅವುಗಳ ಸ್ಥಾನ ಬದಲಾಗುತ್ತದೆ. ರೆಸ್ಯೂಮೆ ಇಂಗ್ಲಿಷಿನಲ್ಲೇ ಹೋಗಬೇಕಾದರೂ ವಿಷಯವನ್ನು ಮೊದಲು ಕನ್ನಡದಲ್ಲಿ ಹೀಗೆ ಬರೆದುಕೊಂಡರೆ, ಕಚೇರಿ ಪತ್ರದ ಇಂಗ್ಲಿಷ್ ಸಾರಾಂಶದೊಳಗೆ ನುಸುಳುವುದು ತಪ್ಪುತ್ತದೆ.

ಅಂಕಿಗಳನ್ನು ಎಲ್ಲಿಂದ ತರುವುದು

ಮಾಸಿಕ ಪ್ರಗತಿ ವರದಿ, ಅಳತೆ ಪುಸ್ತಕ, ಕಾಮಗಾರಿ ಪೂರ್ಣಗೊಂಡ ವರದಿಗಳಲ್ಲಿ ಈ ಅಂಕಿಗಳಿರುತ್ತವೆ. ಅವು ಕಚೇರಿಯ ದಾಖಲೆಗಳು. ನಕಲು ಮಾಡಿ ಮನೆಗೆ ಒಯ್ಯುವಂತಿಲ್ಲ, ಕಂಪನಿಗೆ ತೋರಿಸುವಂತಿಲ್ಲ. ಟೆಂಡರ್ ಪ್ರಕಟಣೆಯ ಮೊತ್ತ, ಅವಧಿಗಳು ಸರ್ಕಾರದ ಇ-ಸಂಗ್ರಹಣಾ ಪೋರ್ಟಲಿನಲ್ಲಿ ಸಾರ್ವಜನಿಕವಾಗಿಯೇ ಇರುತ್ತವೆ. ಸಾರಾಂಶದಲ್ಲಿ ಗುತ್ತಿಗೆದಾರರ ಹೆಸರು, ನಡೆಯುತ್ತಿರುವ ವಿಚಾರಣೆ, ಇನ್ನೂ ತೆರೆಯದ ಟೆಂಡರ್‌ಗಳ ವಿಷಯ ಯಾವ ಕಾರಣಕ್ಕೂ ಬರಬಾರದು. ನಿಖರ ಅಂಕಿ ಸಿಗದಿದ್ದರೆ "ಸುಮಾರು" ಎಂದು ಬರೆದು, ಸಂದರ್ಶನದಲ್ಲಿ ಅದು ಹೇಗೆ ಬಂತೆಂದು ವಿವರಿಸಲು ಸಿದ್ಧರಿರಬೇಕು. ಸಾರಾಂಶದ ಪ್ರತಿ ಅಂಕಿಗೂ ಎರಡು ನಿಮಿಷದ ವಿವರಣೆ ಕೊಡಲಾಗದಿದ್ದರೆ ಆ ಅಂಕಿಯನ್ನು ತೆಗೆದುಹಾಕುವುದು ಲೇಸು.

ಅರ್ಜಿ ಕಳಿಸುವ ಮೊದಲು

ಸೇವೆಯಲ್ಲಿರುವ ಸರ್ಕಾರಿ ನೌಕರರು ಸರ್ಕಾರದ ಅನುಮತಿಯಿಲ್ಲದೆ ಖಾಸಗಿ ಉದ್ಯೋಗ ಹಿಡಿಯುವಂತಿಲ್ಲ. ಕರ್ನಾಟಕದಲ್ಲಿ ಇದು 2021ರ ಕರ್ನಾಟಕ ರಾಜ್ಯ ನಾಗರಿಕ ಸೇವಾ ನಡತೆ ನಿಯಮಗಳ ವ್ಯಾಪ್ತಿಗೆ ಬರುತ್ತದೆ. ಸೇವೆ ಬಿಡುವ ದಾರಿಗಳಲ್ಲಿ ಒಂದು ಸ್ವಯಂ ನಿವೃತ್ತಿ. ಕರ್ನಾಟಕ ನಾಗರಿಕ ಸೇವಾ ನಿಯಮಗಳ 285ನೇ ನಿಯಮದಂತೆ 15 ವರ್ಷ ಅರ್ಹತಾ ಸೇವೆ ಆದವರು ಅಥವಾ 50 ವರ್ಷ ತುಂಬಿದವರು ಮೂರು ತಿಂಗಳ ನೋಟಿಸ್ ಕೊಟ್ಟು ನಿವೃತ್ತಿ ಕೋರಬಹುದು. ಸುಮ್ಮನೆ ರಾಜೀನಾಮೆ ಕೊಟ್ಟರೆ ಹಿಂದಿನ ಸೇವೆಯ ಪಿಂಚಣಿ ಹಕ್ಕಿಗೆ ಧಕ್ಕೆ ಬರುತ್ತದೆ. ಆದ್ದರಿಂದ ಯಾವ ದಾರಿ ಎಂಬುದು ಮೊದಲೇ ನಿರ್ಧಾರವಾಗಬೇಕು. ಕೇಂದ್ರ ಸರ್ಕಾರದ ಗ್ರೂಪ್ ಎ ಅಧಿಕಾರಿಗಳಾಗಿದ್ದವರು ನಿವೃತ್ತಿಯಾದ ಒಂದು ವರ್ಷದೊಳಗೆ ವಾಣಿಜ್ಯ ಸಂಸ್ಥೆ ಸೇರಬೇಕಾದರೆ ಪೂರ್ವಾನುಮತಿ ಬೇಕು. ರಾಜ್ಯದ ಅಧಿಕಾರಿಗಳು ತಮಗೆ ಅನ್ವಯಿಸುವ ನಿಯಮವನ್ನು ಸಿಬ್ಬಂದಿ ಮತ್ತು ಆಡಳಿತ ಸುಧಾರಣೆ ಇಲಾಖೆಯಲ್ಲಿ ಕೇಳಿ ತಿಳಿಯಬೇಕು.

ತಾವು ಬಿಲ್ ಒಪ್ಪಿದ ಗುತ್ತಿಗೆ ಕಂಪನಿಗೇ ಸೇರುವುದು ಬೇರೆ ಪ್ರಶ್ನೆ. ನಿಯಮ ತಡೆಯದಿದ್ದರೂ, ಆ ಕಂಪನಿಗೆ ಹಿಂದೆ ಮಾಡಿದ ಪ್ರತಿ ಅಳತೆಯೂ ಆಗ ಅನುಮಾನಕ್ಕೆ ಒಳಗಾಗುತ್ತದೆ. ಅಂಥ ಅರ್ಜಿ ಹಾಕದಿರುವುದು ಅಧಿಕಾರಿಗೂ ಒಳ್ಳೆಯದು, ಕಂಪನಿಗೂ ಒಳ್ಳೆಯದು. ಬೇರೆ ಕಂಪನಿಗೆ ಹೋಗುವವರು ಸಾರಾಂಶದ ಕೊನೆಗೆ ಒಂದು ಸಾಲು ಸೇರಿಸಬಹುದು: ಸ್ವಯಂ ನಿವೃತ್ತಿ ಅಂಗೀಕಾರವಾಗಿದೆಯೇ, ನೋಟಿಸ್ ಅವಧಿ ಯಾವಾಗ ಮುಗಿಯುತ್ತದೆ, ಅನುಮತಿ ಬೇಕಿದ್ದರೆ ಅದು ಸಿಕ್ಕಿದೆಯೇ. ಸರ್ಕಾರಿ ಅಧಿಕಾರಿಯನ್ನು ನೇಮಿಸಿಕೊಳ್ಳುವ ಕಂಪನಿ ಕೊನೆಗೆ ಕೇಳುವ ಪ್ರಶ್ನೆ ಇದೇ ಆದ್ದರಿಂದ, ಉತ್ತರ ಮೊದಲೇ ಕಾಗದದ ಮೇಲಿದ್ದರೆ ಎರಡೂ ಕಡೆಯವರಿಗೆ ಅನುಕೂಲ.